ಕಿವಿ ಫೋನಿನಲ್ಲಿ, ಕೈ ಕನ್ಸೋಲಿನಲ್ಲಿ

ಕಿವಿಯ ಮಷೀನು ಜೋಡಿಗೆ ಅರವತ್ತೆರಡು ಸಾವಿರ. ಟಿವಿಗೆ ಹಚ್ಚಿ ಆಟ ಆಡುವ, ಒಬ್ಬರ ಕೈ ಬಳಸಿ ಬಂದ ಕನ್ಸೋಲಿಗೆ ಇಪ್ಪತ್ತೆಂಟು ಸಾವಿರ. ಆಮಿರನ ಫೋನಿಗೆ ಹನ್ನೆರಡು. ಇನ್ನು ಕನ್ಸೋಲಿಗೆಂದೇ ತಂದ ಹೆಡ್‌ಸೆಟ್ ಎಂಟೂವರೆ ಸಾವಿರದ್ದು. ಅದನ್ನು ಮೂರನೆಯ ದಿನವೇ ಅಂಗಡಿಗೆ ಮರಳಿಸಿದರು, ಅಂಗಡಿಯವನು ಐನೂರು ಮುರಿದುಕೊಂಡ. ಇವತ್ತಿನ ಬಸ್ಸಿಗೆ ಆಮಿರನ ಟಿಕೆಟ್ ಒಂದೇ, ಆಸ್ಮಾಳಿಗೆ ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಇಷ್ಟೆಲ್ಲ ಲೆಕ್ಕ ಆಸ್ಮಾಳ ತಲೆಯಲ್ಲಿ ಯಾವಾಗಲೂ ಇರುತ್ತದೆ, ಏಕೆಂದರೆ ಅದರಲ್ಲಿ ಹೆಚ್ಚಿನದು ಅವಳ ಸಂಬಳದಿಂದಲೇ ಹೋದದ್ದು.

ಅವಳು ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಕಿವಿ-ಮೂಗು ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು. ಕಿವಿಯ ಮಷೀನಿನ ಬ್ಯಾಟರಿ ಬದಲಿಸುವುದು, ಅದನ್ನು ಫೋನಿಗೆ ಜೋಡಿಸಿ ಮುದುಕರಿಗೆ ಕೊಡುವುದು ಅವಳ ದಿನದ ಕೆಲಸ. ತಮ್ಮ ಆಮಿರನಿಗೆ ಹುಟ್ಟಿನಿಂದಲೇ ಎರಡೂ ಕಿವಿ ಮಂದ. ಮಷೀನು ಹಾಕಿದರೆ ಎದುರು ಕುಳಿತು ಆಡಿದ ಮಾತು ಕೇಳುತ್ತದೆ. ಗದ್ದಲವಿದ್ದರೆ ಎಲ್ಲವೂ ಕಲಸಿದ ಸಾರು. ಅವನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಯ ಮಾಲೀಕ ಹೆಸರು ಹಿಡಿದು ಕರೆಯುವುದಿಲ್ಲ, ಚಿಟಿಕೆ ಹೊಡೆದು ಬೆರಳು ತೋರಿಸುತ್ತಾನೆ. ಶಾಲೆಯ ಕ್ರಿಕೆಟ್ಟಿನಲ್ಲಿ ಅವನನ್ನು ಹಾಲುಗಲ್ಲದ ಹುಡುಗರ ಜೊತೆ ಗಡಿಗೆರೆಯಾಚೆ ನಿಲ್ಲಿಸುತ್ತಿದ್ದರು.

ಹೆಸರು ಹಿಡಿದು ಕರೆಯುವುದು ಒಂದೇ ಕಡೆ: ಕನ್ಸೋಲಿನ ಆಟದಲ್ಲಿ. ಮೂವರ ತಂಡ. ಮುಂದೆ ನುಗ್ಗುವವನು ಗುಫ್ರಾನ್, ನಡುವೆ ನಾಯಕ ವಿವೇಕಾನಂದ, ಹಿಂದೆ ಕೋಟೆ ಕಾಯುವವನು ಆಮಿರ್. ಮೂವರೂ ಅವರವರ ಮನೆಯಲ್ಲೇ ಕೂತು ಆಡುತ್ತಾರೆ, ಮಾತಾಡಲು ಪಾರ್ಟಿ ಚಾಟ್ ಎಂಬ ದಾರಿ ಇದೆ. ಅದರಲ್ಲಿ ಸೇರಿದವರ ದನಿ ಒಬ್ಬರದು ಒಬ್ಬರಿಗೆ ಕೇಳುತ್ತದೆ. ತೊಡಕು ಇದ್ದದ್ದು ಆಮಿರನ ಕಿವಿಯಲ್ಲಿ. ದೊಡ್ಡ ಹೆಡ್‌ಸೆಟ್ಟನ್ನು ಕಿವಿಯ ಮಷೀನಿನ ಮೇಲೆ ಹಾಕಿದರೆ ಮಷೀನು ಸಿಳ್ಳೆ ಹೊಡೆಯುತ್ತದೆ. ಮಷೀನು ತೆಗೆದು ಹಾಕಿದರೆ ಅವನಿಗೆ ಏನೂ ತಿಳಿಯುವುದಿಲ್ಲ. ಮಷೀನಿನಲ್ಲಿಯೇ ಬ್ಲೂಟೂತ್ ಇದೆ, ಸಣ್ಣ ಮೈಕೂ ಇದೆ, ಆದರೆ ಆ ಕನ್ಸೋಲು ಬ್ಲೂಟೂತ್ ಮಷೀನುಗಳನ್ನು ನೇರವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಎಷ್ಟು ಹುಡುಕಿದರೂ ಪಟ್ಟಿಯಲ್ಲಿ ಮಷೀನಿನ ಹೆಸರು ಬರಲಿಲ್ಲ.

ದಾರಿ ಕಂಡುಹಿಡಿದವಳು ಆಸ್ಮಾ. ಕನ್ಸೋಲಿನದೇ ಆ್ಯಪ್ ಫೋನಿನಲ್ಲಿ ಹಾಕಿ, ಆಮಿರನ ಹೆಸರಿನಲ್ಲಿಯೇ ಒಳಗೆ ಹೋಗಿ, ಪಾರ್ಟಿಯನ್ನು ಅಲ್ಲಿಂದ ಸೇರಿಸಿದಳು. ಆಟ ಟಿವಿಯಲ್ಲಿ, ಮಾತು ಫೋನಿನಲ್ಲಿ, ಫೋನಿನಿಂದ ನೇರ ಅವನ ಕಿವಿಗೆ. ಮೊದಲ ಸಲ ಗುಫ್ರಾನನ ದನಿ ಕೇಳಿದಾಗ ಆಮಿರ್ ಬೆಚ್ಚಿ ಹಿಂದೆ ತಿರುಗಿ ನೋಡಿದ್ದ.

ಎರಡು ವರ್ಷ ಹಾಗೆಯೇ ನಡೆಯಿತು. ಕಳೆದ ಭಾನುವಾರ ಮಾತ್ರ ಫೋನಿನ ಚಾರ್ಜು ನಡುವೆ ಮುಗಿದು ಆಮಿರ್ ಎರಡು ಕರೆ ತಪ್ಪಿಸಿದ, ಕೋಟೆ ಬಿತ್ತು. ವಿವೇಕಾನಂದ ಕೆಟ್ಟವನಲ್ಲ, ಆದರೆ ಸೋತು ಸೋತು ಬೇಸತ್ತಿದ್ದ. ಶುಕ್ರವಾರ ಸಂದೇಶ ಬರೆದ: "ಇನ್ನೊಮ್ಮೆ ನಿನಗ ಕೇಳ್ಸಲಿಲ್ಲ ಅಂದ್ರ ಹಿಂದಿನ ಜಾಗಾ ಬಂದೇನವಾಜಗ ಕೊಡ್ತೀನಿ. ಸಿಟ್ಟಾಗಬ್ಯಾಡ." ಬಂದೇನವಾಜ್ ಅವರ ಪರಿಚಯದ ಇನ್ನೊಬ್ಬ ಹುಡುಗ, ತಂಡದಲ್ಲಿ ಜಾಗಕ್ಕೆ ಕಾದಿದ್ದ.

ಆಮಿರ್ ಸಿಟ್ಟಾಗಲಿಲ್ಲ. ಎರಡು ದಿನ ಊಟ ಬಿಟ್ಟ.

ಈ ಭಾನುವಾರ ಮೂರು ಗಂಟೆಗೆ ಆಯ್ಕೆಯ ಪಂದ್ಯ, ಮೂರರಲ್ಲಿ ಎರಡು ಆಟ ಗೆದ್ದವರು ಮುಂದೆ. ಶನಿವಾರ ಸಂಜೆ ತಿಳಿಯಿತು: ಲೈನ್ ಕೆಲಸಕ್ಕಾಗಿ ಅವರ ಓಣಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟು ಇಲ್ಲ. ಶರಣಸಿರಸಗಿಯಲ್ಲಿ ವಿವೇಕಾನಂದನ ಮನೆಗೆ ಹೋಗೋಣವೆಂದರೆ ಅಲ್ಲಿ ಇದ್ದದ್ದು ಒಂದೇ ಟಿವಿ. ಆಸ್ಮಾಳ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಪ್ರೀತಿ ಹೇಳಿದಳು: "ಕಮಲಾಪುರಕ್ಕ ನಮ್ಮ ಮನಿಗೆ ಹೋಗ್ರಿ. ಅಪ್ಪಾ ದೊಡ್ಡ ಟಿವಿ ತಂದಾನ, ಫೈಬರ್ ನೆಟ್ ಐತಿ. ಬಾಳೆಹಣ್ಣಿನ ರೇಟ್ ನೋಡೂದು ಬಿಟ್ರ ಅದರಾಗ ಬ್ಯಾರೆ ಏನೂ ನೋಡಂಗಿಲ್ಲ ಅಂವ."

ಕನ್ಸೋಲನ್ನು ಹಳೆಯ ಚಾದರದಲ್ಲಿ ಸುತ್ತಿ ಚೀಲದಲ್ಲಿಟ್ಟು ಅಕ್ಕ ತಮ್ಮ ಬಸ್ಸು ಹತ್ತಿದರು. ಜಾಗ ಇರಲಿಲ್ಲ. ಆಮಿರ್ ಚೀಲವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲ ಹತ್ತಿರ ನಿಂತ; ಫೋನು ಅಂಗಿಯ ಮೇಲುಜೇಬಿನಲ್ಲಿ, ಚೀಲ ಅದರ ಮೇಲೆ. ರಸ್ತೆಯ ಒಂದು ಉಬ್ಬಿನಲ್ಲಿ ಹಿಂದಿನವರೆಲ್ಲ ಅವನ ಬೆನ್ನ ಮೇಲೆ ಬಿದ್ದರು.

ಕಮಲಾಪುರದ ಬಸ್ ನಿಲ್ದಾಣದಲ್ಲಿ ಇಳಿದು ಗಂಟೆ ನೋಡಲು ಫೋನು ತೆಗೆದ. ಗಾಜು ಜೇಡನ ಬಲೆಯಾಗಿತ್ತು. ಪರದೆ ಕಪ್ಪು. ಮುಟ್ಟಿದರೆ ಏನೂ ಇಲ್ಲ. ಒಳಗೆ ಜೀವ ಮಾತ್ರ ಇತ್ತು, ಆಗಾಗ ಗುಂಯ್ ಎಂದು ನಡುಗುತ್ತಿತ್ತು.

ಮೊಬೈಲ್ ಅಂಗಡಿಯವನು ಅದನ್ನು ತಿರುಗಿಸಿ ನೋಡಿ ಹೇಳಿದ, "ಡಿಸ್‌ಪ್ಲೇ ಹೋಗ್ಯದ ತಾಯಿ. ಕಲಬುರಗಿಯಿಂದ ತರಿಸಬೇಕ್ರಿ. ಮೂರು ಸಾವಿರ, ನಾಳಿ ಸಂಜಿಗೆ."

"ಇವತ್ತು ಮೂರಕ್ಕ ಬೇಕು," ಎಂದಳು ಆಸ್ಮಾ.

"ಮೂರಕ್ಕ ಚಹಾ ಸಿಗತದ್ರಿ," ಎಂದ ಅವನು, ಅವಳ ಮುಖ ನೋಡಿ ನಗು ನುಂಗಿದ.

*

ಪ್ರೀತಿಯ ಅಪ್ಪ ಜಗದೇವಪ್ಪನ ಮನೆ ಮುಟ್ಟಿದಾಗ ಗಂಟೆ ಎರಡೂ ಇಪ್ಪತ್ತು. ಅರವತ್ತರ ಮುದುಕ, ಕೆಂಪು ಬಾಳೆಯ ತೋಟದವನು. ಹೆಂಡತಿ ವಿಮಲಾಬಾಯಿ ಬಾಗಿಲಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

"ಬರ್ರಿ ಯವ್ವಾ. ಪೈಲಾ ಊಟ ಮಾಡ್ರಿ."

"ಕಾಕಿ, ಪೈಲಾ ಟಿವಿ," ಎಂದಳು ಆಸ್ಮಾ.

ಕನ್ಸೋಲನ್ನು ಟಿವಿಗೆ, ನೆಟ್ಟಿಗೆ ಕೂಡಿಸಲು ಹತ್ತು ನಿಮಿಷ. ಅದು ಸರಾಗವಾಯಿತು. ಇನ್ನು ಮಾತು. ಆಸ್ಮಾ ತನ್ನ ಫೋನಿನಲ್ಲಿ ಆ್ಯಪ್ ಇಳಿಸಿಕೊಂಡಳು. ಪಾಸ್‌ವರ್ಡ್ ಕೇಳಿತು.

"ಏನೋ ಅದು?"

ಆಮಿರ್ ತಲೆ ಅಲ್ಲಾಡಿಸಿದ. ಎರಡು ವರ್ಷದಿಂದ ಹಳೆಯ ಫೋನೇ ನೆನಪಿಟ್ಟುಕೊಂಡಿತ್ತು. ಅವನಿಗೇಕೆ ಬೇಕಾಗಿತ್ತು ನೆನಪು?

"ಆಪಾ, ನಿನ್ನ ಹೆಸರ್ಲೇ ಹೊಸಾ ಖಾತೆ ತೆಗಿ. ಅದರಿಂದ ಪಾರ್ಟಿಗೆ ಬಾ."

ಅವಳು ವಿವೇಕಾನಂದನಿಗೆ ಫೋನು ಹಚ್ಚಿ ಕೇಳಿದಳು. ಅವನು ನಿಟ್ಟುಸಿರು ಬಿಟ್ಟ. "ಆಗಂಗಿಲ್ರಿ ಅಕ್ಕಾರ. ಹೆಸರು ಕೊಟ್ಟ ಮೂವರ ಹೊರತು ಪಾರ್ಟಿಯೊಳಗ ನಾಲ್ಕನೇ ಹೆಸರು ಕಂಡ್ರ ತಂಡಾನ ತೆಗೀತಾರ. ಅವನ ಹೆಸರ್ಲೇನ ಬರಬೇಕು."

ಹಾಗಾದರೆ ಪಾಸ್‌ವರ್ಡ್ ಬದಲಿಸಬೇಕು. ಖಾತೆ ತೆರೆಯುವಾಗ ಕೊಟ್ಟದ್ದು ಆಸ್ಮಾಳದೇ ಮೇಲ್, ಅದೊಂದು ಪುಣ್ಯ. ಮೇಲ್ ಬಂತು, ಒತ್ತಿದಳು. ಪುಟ ತೆರೆದು ಒಂದೇ ಪ್ರಶ್ನೆ ಕೇಳಿತು: ಹುಟ್ಟಿದ ದಿನಾಂಕ.

ಆಸ್ಮಾ ಯೋಚಿಸದೆ ಒತ್ತಿದಳು: ಜೂನ್ ಒಂದು, ಎರಡು ಸಾವಿರದ ಐದು. ಆಧಾರ್‌ನಲ್ಲಿ ಅದೇ, ಮಾರ್ಕ್ಸ್ ಕಾರ್ಡಿನಲ್ಲಿ ಅದೇ. ತಪ್ಪು ಎಂದಿತು.

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನೆನಪಾದದ್ದು ಆಮಿರನಿಗೆ.

"ಆಪಾ, ಅವತ್ತು ನಾ ಖರೇ ತಾರೀಖು ಹಾಕ್ಸಿದ್ದೆ."

ಹೌದು. ಜೂನ್ ಒಂದು ಎನ್ನುವುದು ಶಾಲೆಯ ಹೆಡ್ ಮಾಸ್ತರರು ಕೊಟ್ಟ ಹುಟ್ಟುಹಬ್ಬ. ಆ ವರ್ಷ ಒಂದನೆಯ ತರಗತಿಗೆ ಬಂದ ಅರ್ಧ ಮಕ್ಕಳು ಆ ದಿನವೇ ಹುಟ್ಟಿದ್ದರು. ವಯಸ್ಸು ಕಡಿಮೆ ಬಿದ್ದವರಿಗೆ ಮಾಸ್ತರರು ಒಂದಿಷ್ಟು ತಿಂಗಳು ದಾನ ಮಾಡಿದ್ದರು. ಕನ್ಸೋಲು ಬಂದ ದಿನ ಆಮಿರ್ ಹಟ ಹಿಡಿದಿದ್ದ: ಎಲ್ಲಾ ಕಾಗದದಲ್ಲೂ ಮಾಸ್ತರರ ತಾರೀಖು, ಇದೊಂದರಲ್ಲಾದರೂ ನನ್ನದಿರಲಿ. ಅಮ್ಮಿಯನ್ನು ಕೇಳಿ, ಫೋನಿನಲ್ಲಿ ಯಾವುದೋ ಕ್ಯಾಲೆಂಡರ್ ನೋಡಿ ಆಸ್ಮಾ ಹಾಕಿದ್ದಳು. ಯಾವ ತಾರೀಖು? ಡಿಸೆಂಬರ್ ಎಂಬುದಷ್ಟೇ ನೆನಪು. ಮನೆಯಲ್ಲಿ ಹುಟ್ಟುಹಬ್ಬ ಮಾಡುವ ರೂಢಿಯೂ ಇಲ್ಲ.

ಡಿಸೆಂಬರ್ ಹದಿನೈದು ಎಂದು ಒತ್ತಿದಳು. ತಪ್ಪು. ಮೂರನೆಯ ಸಲ ತಪ್ಪಿದರೆ ಪುಟ ಮುಚ್ಚಿಯೇ ಹೋದರೆ? ಬೆರಳು ಹಿಂದೆ ತೆಗೆದಳು. ಅಮ್ಮಿಗೆ ಫೋನು ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದಳು. ಇಲ್ಲ.

"ನಮಾಜಿಗೆ ನಿಂತಿರಬೇಕು," ಎಂದ ಆಮಿರ್. ಕಂಟ್ರೋಲರ್ ಕೈಗೆತ್ತಿಕೊಂಡ. ಗಂಟೆ ಎರಡೂ ಐವತ್ತೆಂಟು.

*

ಪಾರ್ಟಿಯನ್ನು ಕನ್ಸೋಲಿನಿಂದಲೇ ಸೇರಿದರು. ಕಂಟ್ರೋಲರಿನ ಪುಟ್ಟ ಮೈಕಿನಿಂದ ಆಮಿರನ ದನಿ ಹೋಗುತ್ತಿತ್ತು; ಬರುವ ದನಿ ಟಿವಿಯಿಂದ, ಆಟದ ಢಂ ಢಂ ಜೊತೆ. ಆಸ್ಮಾ ಟಿವಿಯ ಪಕ್ಕ ನೆಲದ ಮೇಲೆ, ತಮ್ಮನಿಗೆ ಮುಖ ಮಾಡಿ ಕೂತಳು. ವಿವೇಕಾನಂದ ಹೇಳಿದ್ದನ್ನು ಅವಳು ತುಟಿಯಲ್ಲಿ ಹೇಳುವುದು, ಅವನು ಓದುವುದು.

"ಎಡಕ್ಕ! ಆಮಿರ್, ಎಡಕ್ಕ ಇಬ್ಬರು!" ಟಿವಿ ಕೂಗಿತು.

"ಎಡಕ್ಕ ಇಬ್ಬರು," ಎಂದಳು ಆಸ್ಮಾ, ಎಡಗೈ ಎತ್ತಿದಳು. ಅವಳ ಎಡ ಅವನಿಗೆ ಬಲ. ಅವನು ಬಲಕ್ಕೆ ಓಡಿದ.

"ಅಯ್ಯೋ, ಉಲ್ಟಾ ಹೋಗ್ಯಾನ!" ಗುಫ್ರಾನನ ದನಿ.

ಕೈ ಬಿಟ್ಟು ಬರೀ ತುಟಿ ಆಡಿಸಿದಳು. ಅದನ್ನು ಓದಲು ಅವನು ಟಿವಿಯಿಂದ ಕಣ್ಣು ತೆಗೆಯಬೇಕು. ಕಣ್ಣು ತೆಗೆದ ಆ ಒಂದು ಚಣದಲ್ಲಿ ಎದುರಾಳಿ ಕೋಟೆಯ ಒಳಗೆ. ಕೋಟೆ ಒಂದು ಸಲ ಬಿತ್ತು. ಎರಡು ಸಲ ಬಿತ್ತು. ವಿಮಲಾಬಾಯಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಅಕ್ಕಾರ, ಅಂವಗ ಕೇಳಾಕತ್ತದೇನ್ರಿ?" ವಿವೇಕಾನಂದ ಕೇಳಿದ. ಆ ಪ್ರಶ್ನೆಯನ್ನು ಮಾತ್ರ ಆಸ್ಮಾ ತಮ್ಮನಿಗೆ ದಾಟಿಸಲಿಲ್ಲ.

ಅಷ್ಟರಲ್ಲಿ ಮಡಿಲಲ್ಲಿದ್ದ ಅವಳ ಫೋನು ಕುಣಿಯಿತು. ಅಮ್ಮಿ.

ಎದ್ದರೆ ತಮ್ಮನಿಗೆ ಇರುವ ಅರ್ಧ ಕಿವಿಯೂ ಹೋಗುತ್ತದೆ. ಕೂತರೆ ಮೂರೂ ಆಟ ಹೀಗೆಯೇ. ಆಸ್ಮಾ ಆಮಿರನ ಕಡೆ ಒಮ್ಮೆ ಕೈ ಮುಗಿದು, ಎದ್ದು ಅಂಗಳಕ್ಕೆ ಓಡಿದಳು.

"ಅಮ್ಮಿ! ಆಮಿರ್ ಹುಟ್ಟಿದ್ದು ಯಾವತ್ತು?"

"ಯಾಕ? ಏನಾತು ಅಂವಗ?" ತಾಯಿ ಜಾಹೇದಾ ಗಾಬರಿಯಾದಳು.

"ಏನಿಲ್ಲ, ತಾರೀಖು ಹೇಳು."

"ತಾರೀಖು ನನಗೇನ್ ಗೊತ್ತು ಬೇಟಿ? ದರ್ಗಾದ ಉರುಸು. ಸಂದಲ್ ಮೆರವಣಿಗಿ ಆಗಿ, ಮರುದಿನ ಚಿರಾಗಾಂ ದಿನಾ. ದೀಪಾ ಹಚ್ಚಿದ್ರು, ಥಂಡಿ ಅಂದ್ರ ಥಂಡಿ. ರಿಕ್ಷಾ ಆ ಗರ್ದಿಯೊಳಗ ಸಿಕ್ಕಿಬಿದ್ದು, ನಿಮ್ಮ ಅಬ್ಬಾ ಇಳಿದು ದಾರಿ ಬಿಡ್ರಿ ದಾರಿ ಬಿಡ್ರಿ ಅಂತ..."

"ವಾರ ಯಾವುದಮ್ಮಿ?"

"ಪೀರ್. ಪೀರ್ ಕಾ ದಿನ. ಮರುದಿನ ಮಂಗಳವಾರ ನಿಮ್ಮ ಅಬ್ಬಾ ಕೆಲಸಕ್ಕ ಹೋಗ್ಲಿಲ್ಲ ಅಂತ ಮಾಲೀಕ ಪಗಾರ ಕಟ್ ಮಾಡಿದ್ದ. ಅದು ಮರೀತದೇನು?"

ಪೀರ್ ಎಂದರೆ ಸೋಮವಾರ. ಅಮ್ಮಿಯ ಮಾತು ಮುಗಿಯುವ ಮೊದಲೇ ಆಸ್ಮಾ ಫೋನಿಟ್ಟು, ಆ ವರ್ಷದ ಉರುಸು ಯಾವಾಗ ಬಿದ್ದಿತ್ತೆಂದು ಹುಡುಕಿದಳು. ಚಂದ್ರ ಕಂಡ ಲೆಕ್ಕ. ದೀಪದ ದಿನ ಹತ್ತೊಂಬತ್ತೂ ಇರಬಹುದು, ಇಪ್ಪತ್ತೂ ಇರಬಹುದು. ಡಿಸೆಂಬರ್ ಎರಡು ಸಾವಿರದ ಐದು, ಹತ್ತೊಂಬತ್ತು: ಸೋಮವಾರ.

ಒಳಗಿನಿಂದ ಆಟ ಮುಗಿದ ಸದ್ದು ಬಂತು. ಮೊದಲನೆಯದು ಸೋತಿತ್ತು. ಎರಡನೆಯದಕ್ಕೆ ಐದು ನಿಮಿಷ.

ಬಿಸ್ಮಿಲ್ಲಾ ಎಂದು ಹತ್ತೊಂಬತ್ತು ಒತ್ತಿದಳು. ಪುಟ ತೆರೆಯಿತು.

ಹೊಸ ಪಾಸ್‌ವರ್ಡ್ ಹಾಕಿದಳು. ಆ್ಯಪ್ ಒಳಗೆ ಬಿಟ್ಟಿತು. ಒಳಗೆ ಓಡಿ ಬಂದರೆ ಆಮಿರ್ ಬಿಳಿಚಿಕೊಂಡು ಟಿವಿ ತೋರಿಸಿದ: ಪಾಸ್‌ವರ್ಡ್ ಬದಲಾಗಿದೆ, ಹೊಸದನ್ನು ಹಾಕಿ ಎಂದು ಕನ್ಸೋಲೂ ಕೇಳುತ್ತಿತ್ತು. ಕಂಟ್ರೋಲರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಬೇಕು. ಅವಳು ಹೇಳುತ್ತಾ ಹೋದಳು, ಅವನು ಒತ್ತುತ್ತಾ ಹೋದ. ಮೂರು ನಿಮಿಷ ಉಳಿದಿತ್ತು.

"ಮಷೀನು ಕೊಡು."

ಇದು ಅವಳ ಕಸುಬು. ಎರಡರ ಬ್ಯಾಟರಿ ಬಾಗಿಲನ್ನೂ ತೆರೆದು ಮುಚ್ಚಿ ಮತ್ತೆ ಅವನ ಕಿವಿಗೆ ಹಾಕಿದಳು. ಹಾಗೆ ಮಾಡಿದ ಮೇಲೆ ಕೆಲವೇ ನಿಮಿಷ ಅವು ಹೊಸ ಫೋನಿಗಾಗಿ ಕಾಯುತ್ತವೆ. ತನ್ನ ಫೋನಿನಲ್ಲಿ ಹುಡುಕಿದಳು. ಒಂದು ಸಲ ಹೆಸರು ಮಿಂಚಿ ಮಾಯವಾಯಿತು. ಮತ್ತೆ ತೆರೆದು ಮುಚ್ಚಿದಳು. ಮತ್ತೆ ಮಾಯ.

ಆಮಿರ್ ಕಿವಿಗೆ ಕೈ ಹಚ್ಚಿ ಹೇಳಿದ, "ಆಪಾ, ಹಳೇ ಫೋನಿಗೇ ಹೋಗಿ ಕೂಡಾಕತ್ತಾವ. ಟಿಣ್ ಅಂತದ."

ಪರದೆ ಸತ್ತಿತ್ತು, ಫೋನು ಸತ್ತಿರಲಿಲ್ಲ. ಮಷೀನುಗಳು ಹಳೆಯ ಪರಿಚಯ ಬಿಡದೆ ಅದಕ್ಕೇ ಅಂಟಿಕೊಳ್ಳುತ್ತಿದ್ದವು. ಬ್ಲೂಟೂತ್ ಆರಿಸಲು ಪರದೆ ಇಲ್ಲ. ಗುಂಡಿ ಒತ್ತಿ ಹಿಡಿದರೆ ಅದು ಆರಿ ಮತ್ತೆ ತಾನೇ ಹೊತ್ತಿಕೊಳ್ಳುತ್ತಿತ್ತು.

ಆಸ್ಮಾ ಆ ಫೋನನ್ನು ಜಗದೇವಪ್ಪನ ಕೈಗೆ ತುರುಕಿದಳು. "ಕಾಕಾ, ಇದನ್ನ ದೂರ ಒಯ್ರಿ. ಭಾಳ ದೂರ. ಲಗೂನ!"

"ಎಲ್ಲಿಗಿ ಒಯ್ಯಲಿ?"

"ತ್ವಾಟಕ್ಕ ಒಯ್ರಿ, ಕೇಳ್ತೀರೇನು!" ಎಂದಳು ವಿಮಲಾಬಾಯಿ. "ಹುಡುಗಿ ಜೀವಾ ಹೋಗಾಕತ್ತದ, ಇವ್ರು ಪತ್ತೆ ಕೇಳ್ತಾರ."

ಮುದುಕ ಚಪ್ಪಲಿಯೂ ಮೆಟ್ಟದೆ ಸ್ಕೂಟರಿನ ಮೇಲೆ ಕೂತು ಹೊರಟ. ಸ್ಕೂಟರಿನ ಸದ್ದು ಓಣಿಯ ತಿರುವು ದಾಟಿತು. ಆಸ್ಮಾ ಮೂರನೆಯ ಸಲ ಬಾಗಿಲು ತೆರೆದು ಮುಚ್ಚಿದಳು. ಹೆಸರು ಬಂತು. ನಿಂತಿತು. ಕೂಡಿತು.

ಪಾರ್ಟಿಯನ್ನು ಫೋನಿನಿಂದ ಸೇರಿದಳು. ಆ ಕ್ಷಣವೇ ಟಿವಿಯಿಂದ ಬರುತ್ತಿದ್ದ ಗುಫ್ರಾನನ ದನಿ ಅರ್ಧಕ್ಕೆ ಕಡಿದು ಹೋಯಿತು. ಒಂದು ಹೆಸರಿನ ಮಾತು ಒಂದೇ ಕಡೆ ಇರುತ್ತದೆ. ಕೊನೆಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಮತ್ತು ಬ್ಲೂಟೂತ್ ಎರಡನ್ನೇ ತಿರುಗಿ ಹಚ್ಚಿದಳು. ಏನಾಯಿತು ಎಂದು ಕೇಳಲು ಅಮ್ಮಿ ಮತ್ತೆ ಫೋನು ಮಾಡುತ್ತಾಳೆ, ಆ ಕರೆ ನಡುವೆ ಬಂದು ಮಾತು ಕಡಿದರೆ ಎಲ್ಲ ಮುಗಿದಂತೆ. ತಾಯಿ ಗಾಬರಿಯಲ್ಲಿ ಇರುತ್ತಾಳೆ ಎಂದು ಗೊತ್ತಿದ್ದೂ ಹಾಕಿದಳು.

ಆಮಿರ್ ತಲೆ ಎತ್ತಿದ. "ಹೇಳು ವಿವೇಕಾ. ಕೇಳ್ತದ."

*

ಆ ಮೇಲೆ ಆ ಕೋಣೆಯಲ್ಲಿ ಆಸ್ಮಾಳಿಗೆ ಏನೂ ಕೇಳಲಿಲ್ಲ. ಟಿವಿಯಲ್ಲಿ ಆಟದ ಸದ್ದು ಮಾತ್ರ. ಮೂವರ ಮಾತಿನಲ್ಲಿ ಎರಡು ಪಾಲು ತಮ್ಮನ ಕಿವಿಯೊಳಗಿತ್ತು, ಅವಳಿಗೆ ಸಿಕ್ಕದ್ದು ಅವನ ಪಾಲು: "ಹೂಂ." "ಬಿಡು, ನಾ ಅದೀನಿ." "ಗುಫ್ರಾನ್, ಹಿಂದ ನೋಡು, ಹಿಂದ!" ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅವಳ ಕಡೆ ನೋಡುವ ಅಗತ್ಯವೇ ಅವನಿಗಿರಲಿಲ್ಲ. ಇಷ್ಟು ವರ್ಷ ಜನರ ತುಟಿ ನೋಡಿ ಮಾತು ಊಹಿಸಿದವನು ಅವನು. ಈಗ ಅವನ ಮುಖ ನೋಡಿ ಊಹಿಸುವವಳು ಅವಳು.

ಎರಡನೆಯ ಆಟ ಗೆದ್ದರು. ಕೋಟೆ ಒಮ್ಮೆಯೂ ಬೀಳಲಿಲ್ಲ.

ಮೂರನೆಯದು ಎಳೆದಾಡಿತು. ಜಗದೇವಪ್ಪ ತೋಟದಿಂದ ಬರಿಗಾಲಲ್ಲಿ ಬಂದು, ಫೋನನ್ನು ಬಾಳೆಗೊನೆ ಇಡುವ ಚಪ್ಪರದಲ್ಲಿ ಬಿಟ್ಟು ಬಂದೆನೆಂದು ಕೈಸನ್ನೆ ಮಾಡಿ ಕೂತ. ಸಮ, ಸಮ, ಸಮ. ಕೊನೆಯ ನಿಮಿಷದಲ್ಲಿ ಎದುರಾಳಿಗಳು ಮೂವರೂ ಒಟ್ಟಿಗೆ ನುಗ್ಗಿದರು. ಆಮಿರ್ ಇಬ್ಬರನ್ನು ತಡೆದ. ಮೂರನೆಯವನು ಅವನ ಪಕ್ಕದಿಂದ ಹೋದ.

ಕೋಟೆ ಬಿತ್ತು, ಪರದೆ ಕೆಂಪಾಯಿತು. ಮುಗಿಯಿತು.

ಆಮಿರ್ ಕಂಟ್ರೋಲರ್ ನೆಲಕ್ಕಿಟ್ಟ. ತಲೆ ಬಗ್ಗಿಸಿ ಕೂತ. ಯಾರೋ ಅವನ ಕಿವಿಯಲ್ಲಿ ಮಾತಾಡುತ್ತಿದ್ದರು, ಬಹಳ ಹೊತ್ತು. ಆಸ್ಮಾ ಅವನ ಮುಖವನ್ನೇ ನೋಡಿದಳು. ಬಂದೇನವಾಜ್ ಎಂಬ ಹೆಸರು ಈಗ ಆ ಕಿವಿಯೊಳಗೆ ಹೋಗುತ್ತಿರಬಹುದು, ತನಗೆ ಕೇಳುತ್ತಿಲ್ಲ, ತಡೆಯಲೂ ಬರುವುದಿಲ್ಲ.

"ಹೂಂ," ಎಂದ ಆಮಿರ್ ಕೊನೆಗೆ. "ಆತು."

"ಏನಂದ?" ಆಸ್ಮಾ ಅವನ ಮುಂದೆ ಬಂದು ಕೂತು ಕೇಳಿದಳು. "ಏನಂದ ಹೇಳೋ!"

ಅವನು ಅಂಗೈಯಿಂದ ಕಣ್ಣು ಒರೆಸಿಕೊಂಡ.

"ಪೈಲಾ ಆಟಾ ನನ್ನಿಂದ ಹೋತು ಅಂದ. ಸುಳ್ಳಲ್ಲ ಅದು."

"ಮತ್ತ?"

"ಮೂರನೇದರಾಗ ಮೂರನೇ ಮನಷಾ ಬಂದಿದ್ದು ತಾನೂ ನೋಡ್ಲಿಲ್ಲಂತ. ನೋಡಿದ್ರ ಹೇಳ್ತಿದ್ದೆ, ನಿನಗ ಕೇಳ್ತಿತ್ತು ಅಂದ." ಮತ್ತೆ ಸೇರಿಸಿದ, "ಮಂಗಳವಾರ ಎಂಟಕ್ಕ ಪ್ರಾಕ್ಟೀಸ್ ಅಂದ. ಫೋನು ರಿಪೇರಿ ಮಾಡಿಸ್ಕೊಂಡು ಬಾ ಅಂದ."

ವಿಮಲಾಬಾಯಿ ತಟ್ಟೆ ತಂದಿಟ್ಟಳು. ರೊಟ್ಟಿ, ಪುಂಡಿ ಪಲ್ಯ, ಎರಡು ಕೆಂಪು ಬಾಳೆಹಣ್ಣು. "ಈಗರ ಉಣ್ರಿ," ಎಂದಳು. ಎರಡು ದಿನದ ಮೇಲೆ ಆಮಿರ್ ರೊಟ್ಟಿ ಮುರಿದ. ಆಸ್ಮಾ ಫೋನನ್ನು ಮೊದಲಿನ ಸ್ಥಿತಿಗೆ ತಂದಳು. ಒಂದಾದ ಮೇಲೊಂದು ಅಮ್ಮಿಯ ಹನ್ನೊಂದು ಕರೆಗಳ ಸುದ್ದಿ ಬಂತು. ಅದಕ್ಕೆ ಬೈಗುಳ ತಿನ್ನಬೇಕಾಗಿತ್ತು, ತಿಂದಳು.

ಪಂದ್ಯ ಹೋಯಿತು, ಈ ವರ್ಷ ಮತ್ತೆ ಬರುವುದಿಲ್ಲ. ಡಿಸ್‌ಪ್ಲೇಗೆ ಮೂರು ಸಾವಿರ ಹೋಯಿತು. ಹಿಂದಿನ ಜಾಗ ಆಮಿರನದೇ ಉಳಿಯಿತು. ಹೊಸ ಪಾಸ್‌ವರ್ಡನ್ನೂ ಡಿಸೆಂಬರ್ ಹತ್ತೊಂಬತ್ತನ್ನೂ ಆಸ್ಮಾ ಆಸ್ಪತ್ರೆಯ ಚೀಟಿಯೊಂದರ ಹಿಂದೆ ಬರೆದು ಕನ್ಸೋಲಿನ ಚೀಲದಲ್ಲಿಟ್ಟಳು.